ರೌಟರಿಗೆ ಹಚ್ಚಿದ ಊದಿನಕಡ್ಡಿ

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಎದುರಿಗೆ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾನೊಂದು ಇಂಟರ್ನೆಟ್ ಸೆಂಟರ್ ಇಟ್ಟಿದ್ದೆ. ಎರಡು ಸಾವಿರದ ಒಂಬತ್ತರ ಸುಮಾರಿನ ಮಾತು. ಆರು ಕಂಪ್ಯೂಟರ್, ಒಂದು ಬ್ರಾಡ್‌ಬ್ಯಾಂಡ್ ಲೈನು, ಗೋಡೆಯ ಹಲಗೆಯ ಮೇಲೆ ಒಂದು ರೌಟರು. ಬೆಳಿಗ್ಗೆ ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಬರುತ್ತಿದ್ದರು. ಮಧ್ಯಾಹ್ನ ಆಯಿತೆಂದರೆ ಕಾಲೇಜಿನ ಹುಡುಗರು ಬಂದು ಬಂದೂಕಿನ ಆಟಕ್ಕೆ ಕೂಡುತ್ತಿದ್ದರು. ಕೆಳಗಿನ ಅಂಗಡಿಯವರು ತಮ್ಮ ತಲೆಯ ಮೇಲೆ ದಿನಾ ಯುದ್ಧ ನಡೆಯುತ್ತದೆ ಎಂದು ಬೈಯುತ್ತಿದ್ದರು. ಬೈದರೂ ಅವರ ಮಗನೇ ಮೂರನೇ ಕಂಪ್ಯೂಟರಿನ ಕಾಯಂ ಗಿರಾಕಿ.

ಭಾನುವಾರ ಮಾತ್ರ ಆಟದ ಗತ್ತೇ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೂ ನನ್ನಂಥವರ ಸೆಂಟರುಗಳಿದ್ದವು. ನಾಲ್ಕೂ ಊರಿನವರು ತಮ್ಮ ತಮ್ಮ ಕಡೆ ಕೂತು ಒಂದೇ ಆಟ ಆಡುತ್ತಿದ್ದರು, ಊರಿಗೆ ಇಬ್ಬಿಬ್ಬರಂತೆ. ಅದಕ್ಕಿಂತ ಹೆಚ್ಚಿನವರನ್ನು ಆ ಕಾಲದ ಲೈನು ತಡೆಯುತ್ತಿರಲಿಲ್ಲ. ಆಟದ ಸರ್ವರ್ ನನ್ನ ಆರನೇ ಕಂಪ್ಯೂಟರಿನಲ್ಲಿತ್ತು. ಲೈನ್ ಕಡಿದು ಮತ್ತೆ ಬಂದಾಗಲೆಲ್ಲ ನಮ್ಮ ಇಂಟರ್ನೆಟ್ ವಿಳಾಸದ ಅಂಕಿ ಬದಲಾಗುತ್ತಿತ್ತು. ಹಾಗಾಗಿ ಆಟಕ್ಕೆ ಮೊದಲು ಮೂರೂ ಊರಿಗೆ ಫೋನ್ ಹಚ್ಚಿ ಅವತ್ತಿನ ಅಂಕಿ ಹೇಳುವುದು ನನ್ನ ಕೆಲಸ. ಮದುವೆಯ ಮುಹೂರ್ತ ತಿಳಿಸುವವನ ಠೀವಿಯಿಂದಲೇ ಹೇಳುತ್ತಿದ್ದೆ.

ಇದೆಲ್ಲ ನಡೆಯುತ್ತಿದ್ದದ್ದು ನನ್ನ ಗೆಳೆಯನ ಕೈಚಳಕದಿಂದ. ಗೊಳಸಂಗಿಯವನು. ಅವನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಬಿಜಾಪುರದಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಡಿಪ್ಲೊಮಾ ಓದಿದ್ದೆವು. ಅವನದು ಬೌದ್ಧರ ಮನೆ; ಪಡಸಾಲೆಯಲ್ಲಿ ಬುದ್ಧನ ಪಟ ಇತ್ತು, ದೇವರ ಜಗಲಿ ಇರಲಿಲ್ಲ. ನಾಲ್ಕೂ ಊರಿನ ಸೆಂಟರುಗಳ ರೌಟರು, ವೈರು, ಲೈನು ನೋಡಿಕೊಳ್ಳುವುದೇ ಅವನ ದುಡಿಮೆ. ಕೆಂಪು ಬಸ್ಸಿನಲ್ಲಿ ಊರಿಂದೂರಿಗೆ ತಿರುಗುತ್ತಿದ್ದ. ನಾಲ್ಕೂ ಕಡೆಯ ಪಾಸ್‌ವರ್ಡುಗಳು ಅವನ ಹತ್ತಿರ ಇದ್ದವು. ಮಾಲೀಕರು ಅವನನ್ನು ನಂಬಿದ್ದರು, ಆ ನಂಬಿಕೆಯ ಮೇಲೆಯೇ ಅವನ ಮನೆಯ ಒಲೆ ಉರಿಯುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ನನ್ನ ರೌಟರಿಗೆ ಒಂದು ರೋಗ ಹತ್ತಿತು. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಎಲ್ಲರೂ ನಿಂತಲ್ಲೇ ನಿಲ್ಲುವರು. ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿದ್ದವು, ಒಳಗೆ ಮಾತ್ರ ಏನೂ ಹರಿಯುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅಂಕಿ ಬದಲಾಗಿ, ಮೂರೂ ಊರಿಗೆ ಮತ್ತೆ ಫೋನು. ಮುದ್ದೇಬಿಹಾಳದ ಮಾಲೀಕರು ನನಗಿಂತ ಹಿರಿಯರು, ಬಾಯಿ ಬಹಳ ಹರಿತ. ಬಾಗೇವಾಡಿಯವರು ಸೋಲು ಕಂಡಾಗ ಸ್ವಿಚ್ ಆರಿಸುತ್ತಾರೆ ಎಂದು ಅವರು ನಾಲ್ಕೂರಿಗೆ ಸಾರಿದರು.

ಗೆಳೆಯ ಒಂದು ದಿನ ಪೂರ್ತಿ ಕೂತು ನೋಡಿದ. ಹುಡುಗರು ಹಾಡು ಇಳಿಸಿಕೊಳ್ಳುವಾಗ ನೂರಾರು ಸಂಪರ್ಕಗಳು ಒಮ್ಮೆಲೇ ತೆರೆಯುತ್ತವೆ, ಅವುಗಳ ಲೆಕ್ಕ ಇಡುವ ಜಾಗ ತುಂಬಿ ರೌಟರು ಸ್ತಬ್ಧ ಆಗುತ್ತದೆ ಎಂದ. ಕಂಪನಿಯವರು ಹೊಸ ಫರ್ಮ್‌ವೇರ್ ಬಿಟ್ಟಿದ್ದಾರೆ, ಅದರಲ್ಲಿ ಇದನ್ನು ಸರಿಪಡಿಸಿದ್ದೇವೆ ಎಂದು ಬರೆದಿದ್ದಾರೆ ಎಂದೂ ತೋರಿಸಿದ. ಫರ್ಮ್‌ವೇರ್ ಅಂದರೆ ರೌಟರಿನ ಒಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಮು. ಹಾಗಾದರೆ ಹಾಕಿಬಿಡು ಎಂದೆ. ಅವನು ನನ್ನ ಹಾಗೆ ಅವಸರದವನಲ್ಲ. ರೌಟರನ್ನು ತಿರುವಿ ಹಾಕಿ, ತಳದ ಚೀಟಿಯ ಮೇಲಿನ ಮಾಡೆಲ್ಲನ್ನೂ ಅದರ ಮುಂದಿನ ಆವೃತ್ತಿಯ ಅಕ್ಷರವನ್ನೂ ಫೈಲಿನ ಹೆಸರಿನ ಜೊತೆ ತಾಳೆ ನೋಡಿದ. ಸಿಂದಗಿಯಲ್ಲೂ ಇದೇ ಮಾಡೆಲ್ ಇತ್ತು, ಆದರೆ ಕೊನೆಯ ಅಕ್ಷರ ಬೇರೆ. ಅಲ್ಲಿಯವರು ಎಷ್ಟು ಕೇಳಿಕೊಂಡರೂ ಅವನು ಈ ಫೈಲನ್ನು ಅದಕ್ಕೆ ಹಾಕಲಿಲ್ಲ. ಒಂದು ಅಕ್ಷರ ತಪ್ಪಿದರೂ ರೌಟರು ಸತ್ತು ಬರೀ ಇಟ್ಟಂಗಿಯಾಗುತ್ತದೆ ಎನ್ನುತ್ತಿದ್ದ.

ಹಾಕುವ ಮುಂಚೆ, ಇದ್ದ ಸೆಟ್ಟಿಂಗುಗಳನ್ನೆಲ್ಲ ಒಂದು ಫೈಲಾಗಿ ಉಳಿಸಿಕೊಂಡ. ಅದು ಸಾಲದೆಂದು ಬ್ರಾಡ್‌ಬ್ಯಾಂಡಿನ ಯೂಸರ್‌ನೇಮು, ಪಾಸ್‌ವರ್ಡು, ಆಟ ಒಳಬರುವ ಬಾಗಿಲಿನಂಥ ಪೋರ್ಟು, ಅದು ಯಾವ ಕಂಪ್ಯೂಟರಿಗೆ ಹೋಗಬೇಕು ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕರೆಂಟ್ ಹೋಗುವ ಪಾಳಿ ಮುಗಿಯುವವರೆಗೆ ಕಾದ. ರೌಟರನ್ನೂ ಒಂದೇ ಒಂದು ಕಂಪ್ಯೂಟರನ್ನೂ ಯುಪಿಎಸ್‌ಗೆ ಹಾಕಿ, ಎರಡರ ನಡುವೆ ವೈರು ಎಳೆದ. ಅಪ್ಡೇಟ್ ಆಗುವ ಮೂರು ನಿಮಿಷ ಯಾರನ್ನೂ ಏಳಗೊಡಲಿಲ್ಲ. ಆಮೇಲೆ ಮೆನುವಿನಿಂದಲೇ ಫ್ಯಾಕ್ಟರಿ ರಿಸೆಟ್ ಮಾಡಿ, ಒಳಗಿದ್ದ ಸೆಟ್ಟಿಂಗುಗಳನ್ನೆಲ್ಲ ಅಳಿಸಿದ. ಹಳೆಯ ಫೈಲನ್ನು ಹಾಗೇ ತಿರುಗಿ ಹಾಕಬಾರದೇ ಎಂದು ಕೇಳಿದೆ. ಹಳೆಯ ಫರ್ಮ್‌ವೇರಿನ ಫೈಲು ಹೊಸದಕ್ಕೆ ಹೊಂದುತ್ತದೆ ಎಂದು ಹೇಳಲಾಗದು ಎಂದು ಒಂದೊಂದನ್ನೂ ಕೈಯಿಂದ ಹೊಡೆದ. ಎಲ್ಲ ಸರಿಯಾದ ಮೇಲೆ ಹೊಸದಾಗಿ ಬ್ಯಾಕಪ್ ತೆಗೆದು, ಫೈಲಿನ ಹೆಸರಿಗೆ ಆವೃತ್ತಿಯನ್ನೂ ತಾರೀಖನ್ನೂ ಸೇರಿಸಿದ. ಒಂದು ಪ್ರತಿ ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡ. ಇನ್ನೊಂದನ್ನು ನನಗೆ ಕೊಟ್ಟು, ಇದರೊಳಗೆ ನಿನ್ನ ಪಾಸ್‌ವರ್ಡ್ ಇದೆ, ಗಿರಾಕಿಗಳು ಕೂಡುವ ಕಂಪ್ಯೂಟರಿನಲ್ಲಿ ಇಡಬೇಡ, ಮನೆಯಲ್ಲಿ ಸಿ.ಡಿ.ಗೆ ಹಾಕಿಡು ಎಂದ.

ನಾನು ಹೂಂ ಎಂದು ಅದನ್ನು ಒಂದನೇ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ಒಗೆದೆ. ನನ್ನ ಕಂಪ್ಯೂಟರುಗಳಲ್ಲೆಲ್ಲ ಗಿರಾಕಿಗಳ ಕಸ ಉಳಿಯಬಾರದೆಂದು ಒಂದು ಸಾಫ್ಟ್‌ವೇರ್ ಹಾಕಿದ್ದೆ. ರೀಸ್ಟಾರ್ಟ್ ಆದಾಗಲೆಲ್ಲ ಅದು ಹೊಸದಾಗಿ ಬಂದದ್ದನ್ನೆಲ್ಲ ಅಳಿಸಿಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಆ ಫೈಲೂ ಕಸದ ಜೊತೆ ಹೋಗಿತ್ತು. ಹೋಗಿದೆ ಎಂಬುದೂ ನನಗೆ ಗೊತ್ತಾಗಲಿಲ್ಲ.

ಇನ್ನೊಂದು ಮಾತು ಬಾಕಿ ಉಳಿಯಬಾರದು. ಅವನು ಎಲ್ಲಿದ್ದರೂ ನನ್ನ ರೌಟರಿನ ಪುಟ ತೆರೆಯುವಂತೆ ಹೊರಗಿನಿಂದ ಒಂದು ದಾರಿ ಬಿಡು ಎಂದು ಗಂಟುಬಿದ್ದವನು ನಾನೇ. ಅವನಿಗೆ ಮನಸ್ಸಿರಲಿಲ್ಲ; ಆ ಬಾಗಿಲು ತೆರೆದಿಡುವುದು ಒಳ್ಳೆಯದಲ್ಲ ಎಂದ. ಸಣ್ಣಪುಟ್ಟದ್ದಕ್ಕೆಲ್ಲ ಬಸ್ಸು ಹತ್ತಿಸುವುದೇಕೆ ಎಂದು ನಾನು ಹಟ ಮಾಡಿದೆ. ಕಷ್ಟದ ಪಾಸ್‌ವರ್ಡ್ ಇಟ್ಟು ತೆರೆದುಕೊಟ್ಟ.

ಅಪ್ಡೇಟ್ ಆದ ಮೇಲೆ ಆರು ವಾರ ಒಂದು ದಿನವೂ ಆಟ ನಿಲ್ಲಲಿಲ್ಲ. ಬಾಗೇವಾಡಿ ಗೆದ್ದದ್ದೇ ಗೆದ್ದದ್ದು. ಮುದ್ದೇಬಿಹಾಳದವರ ಬಾಯಿಗೆ ಬೀಗ ಬಿತ್ತು.

ಖಂಡೇಪೂಜೆ, ಅಂದರೆ ಆಯುಧಪೂಜೆ, ಆ ಸಲ ಭಾನುವಾರವೇ ಬಂತು. ಬೆಳಿಗ್ಗೆ ಕಂಪ್ಯೂಟರುಗಳನ್ನೆಲ್ಲ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದೆ. ಅವ್ವ ಮನೆಯಿಂದ ಹೋಳಿಗೆ ಕಳಿಸಿದ್ದಳು. ಸೆಂಟರಿನ ಪ್ರತಿ ವೈರನ್ನೂ ಎಳೆದ ಗೆಳೆಯನನ್ನು ಪೂಜೆಗೆ ಕರೆದಿರಲಿಲ್ಲ. ಅವರಲ್ಲಿ ಇದೆಲ್ಲ ಮಾಡುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೇಳಿ ನೋಡಿದವನಲ್ಲ.

ಊದಿನಕಡ್ಡಿಗಳನ್ನು ಬಾಳೆಹಣ್ಣಿಗೆ ಚುಚ್ಚಿ ಒಂದೊಂದು ಕಂಪ್ಯೂಟರಿನ ಮುಂದೆ ಇಟ್ಟೆ. ರೌಟರಿನ ಹಲಗೆ ಸಣ್ಣದು, ಬಾಳೆಹಣ್ಣು ನಿಲ್ಲಲಿಲ್ಲ. ಲಕ್ಷ್ಮಿ ಬರುವ ದಾರಿಯೇ ಅದು, ಅದಕ್ಕೆ ಪೂಜೆ ಬಿಡಲಾಗುತ್ತದೆಯೇ? ಅದರ ಹಿಂಭಾಗದಲ್ಲಿ, ವೈರುಗಳ ಪಕ್ಕ ಒಂದು ಸಣ್ಣ ತೂತು ಕಂಡಿತು. ಕಡ್ಡಿಯ ಬುಡಕ್ಕೆ ಅಳತೆ ತೆಗೆದು ಕೊರೆದ ಹಾಗಿತ್ತು. ಒತ್ತಿ ಸೇರಿಸಿದೆ, ಗಟ್ಟಿಯಾಗಿ ನಿಂತಿತು. ಕಂಪ್ಯೂಟರುಗಳು ಆಫ್ ಇದ್ದವು, ರೌಟರು ಮಾತ್ರ ಚಾಲೂ ಇತ್ತು. ಮಂಗಳಾರತಿ ಎತ್ತುವಾಗ ಅದರ ದೀಪಗಳೆಲ್ಲ ಒಮ್ಮೆಲೇ ಮಿನುಗಿದವು. ಬಹಳ ಚೆಂದ ಕಂಡಿತು. ಬೂದಿ ಉದುರುತ್ತದೆಂದು ಸ್ವಲ್ಪ ಹೊತ್ತಿನ ಮೇಲೆ ಕಡ್ಡಿ ಕಿತ್ತು ಎಸೆದೆ, ಆ ಮಾತು ಅಲ್ಲಿಗೇ ಮರೆತೆ.

ಮಧ್ಯಾಹ್ನ ಆಟಕ್ಕೆ ಕೂತರೆ ನೆಟ್ ಇಲ್ಲ. ಟೆಲಿಫೋನ್ ಲೈನಿನ ದೀಪ ಇದೆ, ಇಂಟರ್ನೆಟ್ಟಿನ ದೀಪ ಇಲ್ಲ. ರೌಟರಿನ ಪುಟ ತೆರೆದು ಪಾಸ್‌ವರ್ಡ್ ಹೊಡೆದೆ, ತಗೊಳ್ಳಲಿಲ್ಲ. ತಳದ ಚೀಟಿಯಲ್ಲಿ ಅಚ್ಚಾಗಿದ್ದ ಪಾಸ್‌ವರ್ಡ್ ಹೊಡೆದರೆ ತೆರೆಯಿತು. ಒಳಗೆ ಎಲ್ಲ ಖಾಲಿ, ಪೆಟ್ಟಿಗೆಯಿಂದ ಅವತ್ತೇ ತೆಗೆದ ಹಾಗೆ. ಫ್ಯಾಕ್ಟರಿ ರಿಸೆಟ್ ಆದರೆ ಹೀಗಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ. ಬ್ಯಾಕಪ್ ಹುಡುಕಿದರೆ ಡೆಸ್ಕ್‌ಟಾಪೂ ಖಾಲಿ. ಗೆಳೆಯನಿಗೆ ಫೋನ್ ಮಾಡಿದೆ. ಅವನು ಮುದ್ದೇಬಿಹಾಳದ ಸೆಂಟರಿನಲ್ಲಿದ್ದ. ಹೊರಗಿನಿಂದ ನೋಡಲಾಗುವುದಿಲ್ಲ, ಆ ದಾರಿಯೂ ಅಳಿಸಿ ಹೋಗಿದೆ ಎಂದ. ಬ್ರಾಡ್‌ಬ್ಯಾಂಡಿನ ಪಾಸ್‌ವರ್ಡ್ ಫೋನಿನಲ್ಲೇ ಹೇಳು ಎಂದೆ. ಇಷ್ಟು ಜನರ ನಡುವೆ ನಿನ್ನ ಪಾಸ್‌ವರ್ಡ್ ಕೂಗಲೇ, ಏನೂ ಮುಟ್ಟಬೇಡ, ಬಂದೆ ಎಂದು ಇಟ್ಟ.

ಅವನ ಬಸ್ಸು ಬರಲು ಎರಡು ತಾಸು ಹಿಡಿಯಿತು. ಆ ಎರಡು ತಾಸೇ ನನ್ನನ್ನು ಕೆಡಿಸಿದ್ದು. ಹುಡುಗರು ಮುಖ ಸಣ್ಣದು ಮಾಡಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮುದ್ದೇಬಿಹಾಳದ ಮಾಲೀಕರು ಫೋನ್ ಮಾಡಿ, ಆಡದೆ ಗೆದ್ದೆವಲ್ಲ, ನಿಮ್ಮವನಿಗೆ ಇಲ್ಲಿ ಹೊಟ್ಟೆತುಂಬ ಚಹಾ ಕುಡಿಸಿಯೇ ಕಳಿಸಿದ್ದೇವೆ ಎಂದು ನಕ್ಕರು. ನನ್ನ ತಲೆ ಗಿರಗಿಟ್ಟಲೆ ಆಡತೊಡಗಿತು. ರಿಸೆಟ್ ತಾನಾಗಿ ಆಗುವುದಿಲ್ಲ. ರೌಟರಿನ ಪಾಸ್‌ವರ್ಡ್ ಗೊತ್ತಿರುವವರು ಇಬ್ಬರೇ. ಹೊರಗಿನ ದಾರಿ ಇರುವುದು ಅವನೊಬ್ಬನಿಗೆ. ಅವನು ಕೂತಿರುವುದು ಎದುರಾಳಿಯ ಸೆಂಟರಿನಲ್ಲಿ. ಪೊಲೀಸರೂ ಇಷ್ಟು ಬೇಗ ಕೇಸ್ ಮುಗಿಸಿರಲಿಕ್ಕಿಲ್ಲ.

ಅವನು ಬಂದ. ಬೆವರು ಒರೆಸಿಕೊಳ್ಳದೆ ಪೆನ್‌ಡ್ರೈವ್ ಹಚ್ಚಿದ, ಫೈಲ್ ಏರಿಸಿದ. ರೌಟರು ಮಲಗಿ ಎದ್ದಿತು, ಎಲ್ಲ ದೀಪಗಳೂ ಬಂದವು. ಐದು ನಿಮಿಷದ ಕೆಲಸ. ಹುಡುಗರು ಚಪ್ಪಾಳೆ ಹೊಡೆದರು. ಅವನು ಹಲಗೆಯ ಹತ್ತಿರ ಹೋಗಿ ರೌಟರಿನ ಹಿಂಭಾಗ ನೋಡಿದ, ಬೆರಳಿನಿಂದ ಏನೋ ಒರೆಸಿದ, ಗೋಡೆಯ ಮೇಲಿನ ಚೆಂಡುಹೂವಿನ ಸರ ನೋಡಿದ. ಅಷ್ಟರಲ್ಲಿ ನನ್ನ ಬಾಯಿ ತೆರೆಯಿತು.

“ಐದು ನಿಮಿಷದಾಗ ಸರಿ ಮಾಡಿದಿ ಅಂದ್ರ ಕೆಡಿಸಿದವನೂ ನೀನ. ನನ್ನ ಪಾಸ್‌ವರ್ಡ್ ನಿನ್ನ ಕಿಸೇದಾಗ ಯಾಕ ಐತಿ?”

ಚಪ್ಪಾಳೆ ನಿಂತಿತು. ಅವನು ಹುಡುಗರ ಕಡೆ ನೋಡಲಿಲ್ಲ. ಬ್ಯಾಕಪ್ ಇಟ್ಟುಕೋ ಎಂದು ನಿನಗೂ ಕೊಟ್ಟಿದ್ದೆನಲ್ಲ, ಅದೆಲ್ಲಿ ಎಂದು ಮೆಲ್ಲಗೆ ಕೇಳಿದ. ನಾನು ದನಿ ಏರಿಸಿದೆ. ಉಂಡ ಮನೆಯ ಜಂತಿ ಎಣಿಸುವವನು ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲಾರೆ. ಅವನು ನನ್ನ ಎದುರಿಗೇ ಆ ಫೈಲನ್ನು ಪೆನ್‌ಡ್ರೈವಿನಿಂದ ಅಳಿಸಿದ, ನೋಟ್‌ಬುಕ್ಕಿನಿಂದ ನನ್ನ ಹಾಳೆ ಹರಿದು ಮೇಜಿನ ಮೇಲಿಟ್ಟ, ಇಳಿದು ಹೋದ. ನಾನು ಅಷ್ಟಕ್ಕೇ ಬಿಡಲಿಲ್ಲ. ಅವನು ಹೊರಗಿನಿಂದ ಬಂದು ನನ್ನ ರೌಟರು ಅಳಿಸಿದ್ದಾನೆ, ನಿಮ್ಮ ಪಾಸ್‌ವರ್ಡುಗಳನ್ನೂ ಬದಲಿಸಿಕೊಳ್ಳಿ ಎಂದು ಮೂರೂ ಊರಿಗೆ ಫೋನ್ ಹಚ್ಚಿದೆ. ಎಲ್ಲರೂ ಬದಲಿಸಿದರು. ಅವನನ್ನು ಯಾರೂ ಮತ್ತೆ ಕರೆಯಲಿಲ್ಲ. ಮರುದಿನ ಊರೆಲ್ಲ ಬನ್ನಿ ಹಂಚಿ, ಮುನಿಸು ಮರೆತು, ಬಂಗಾರದಂತಿರೋಣ ಎನ್ನುವಾಗ ನಾನು ಅವನ ಕಡೆ ಹೋಗಲಿಲ್ಲ.

ಹತ್ತು ದಿನದ ಮೇಲೆ ಇಂಡಿಯ ಮಾಲೀಕರು ಫೋನ್ ಮಾಡಿದರು. ಅವರು ಹೊಸ ಪಾಸ್‌ವರ್ಡ್ ಇಟ್ಟು ಅದನ್ನೇ ಮರೆತಿದ್ದರು, ರೌಟರಿನೊಳಗೆ ಹೋಗಲಾಗುತ್ತಿರಲಿಲ್ಲ. ಅವನಂತೂ ಇಲ್ಲ, ನೀನಾದರೂ ದಾರಿ ಹೇಳು ಎಂದರು. ನಾನು ರೌಟರಿನ ಜೊತೆ ಬಂದಿದ್ದ ಪುಸ್ತಿಕೆ ಹುಡುಕಿ ಓದಿ ಹೇಳತೊಡಗಿದೆ. ಹಿಂದೆ ಒಂದು ಸಣ್ಣ ತೂತು ಇದೆ, ಒಳಗೊಂದು ರಿಸೆಟ್ ಗುಂಡಿ ಇದೆ, ರೌಟರು ಚಾಲೂ ಇರುವಾಗ ಸಪೂರ ಕಡ್ಡಿಯಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಎಲ್ಲಿದೆ ಆ ತೂತು ಎಂದು ಅವರು ಕೇಳಿದರು. ತೋರಿಸಿ ಹೇಳಲೆಂದು ನನ್ನ ರೌಟರನ್ನು ತಿರುಗಿಸಿದೆ. ತೂತಿನ ಸುತ್ತ ಬಿಳಿ ಬೂದಿ ಇತ್ತು, ಅದರ ಮೇಲೆ ಬೆರಳಾಡಿಸಿದ ಗುರುತೂ ಇತ್ತು.

ನಾನು ಊದಿನಕಡ್ಡಿ ಚುಚ್ಚಿದ್ದು ಅದಕ್ಕೇ. ಅವರು ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದರು. ಹೌದು, ಅದೇ ತೂತು, ಒತ್ತಿರಿ ಎಂದೆ. ನಿಮ್ಮ ಬ್ರಾಡ್‌ಬ್ಯಾಂಡಿನ ಯೂಸರ್‌ನೇಮು, ಪಾಸ್‌ವರ್ಡು ಕೈಯಲ್ಲಿವೆಯೇ ಎಂದು ಮೊದಲು ಕೇಳಬೇಕಿತ್ತು. ಗೆಳೆಯನಾಗಿದ್ದರೆ ಕೇಳದೆ ಮುಟ್ಟಗೊಡುತ್ತಿರಲಿಲ್ಲ. ಅವರು ಒತ್ತಿದರು, ಎಲ್ಲ ಅಳಿಯಿತು, ಅವರ ಕಾಗದ ಎಲ್ಲೋ ಕಳೆದಿತ್ತು. ಇಂಡಿಯಲ್ಲಿ ಆಟವೂ ನಿಂತಿತು, ಅರ್ಜಿಯೂ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ, ಈಗ ಊರ ದನಗಳಿಗೆಲ್ಲ ಜ್ವರ ಹಚ್ಚಿದ್ದೆ.

ಸತ್ಯ ಗೊತ್ತಾದ ಗಳಿಗೆಯಲ್ಲೇ ಹೇಳಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಮತ್ತೂ ಎರಡು ವಾರ ಸುಮ್ಮನಿದ್ದೆ. ಇಂಟರ್ನೆಟ್ ಸೆಂಟರಿನ ಸಾಹುಕಾರ ರೌಟರಿಗೆ ಊದಿನಕಡ್ಡಿ ಚುಚ್ಚಿದ ಎಂದು ನಾಲ್ಕೂರು ನಗುವುದನ್ನು ನೆನೆದು, ಎತ್ತಿದ ಫೋನನ್ನು ಮತ್ತೆ ಕೆಳಗಿಡುತ್ತಿದ್ದೆ. ನನ್ನ ಓಣಿಯ, ನನ್ನ ಮಂದಿಯ ಹುಡುಗನಾಗಿದ್ದರೆ ಅಷ್ಟು ಬೇಗ ಅವನನ್ನು ಕಳ್ಳ ಎನ್ನುತ್ತಿದ್ದೆನೇ ಎಂಬ ಪ್ರಶ್ನೆಯೂ ಇತ್ತು. ಅದರ ಉತ್ತರ ನನಗೆ ಗೊತ್ತು. ಕೊನೆಗೆ ಗೊಳಸಂಗಿಗೆ ಹೋದದ್ದೂ ಪಶ್ಚಾತ್ತಾಪ ಒಂದರಿಂದಲೇ ಅಲ್ಲ. ಅವನನ್ನು ಹೇಗಾದರೂ ಒಪ್ಪಿಸಿ ಕಳಿಸು ಎಂದು ಇಂಡಿಯವರು ದಿನಾ ಫೋನ್ ಮಾಡಿ ಪೀಡಿಸುತ್ತಿದ್ದರು.

ಬಿಳಿಜೋಳ ಬಿತ್ತುವ ಹಂಗಾಮು. ಅವನು ಇನ್ನೊಬ್ಬರ ಹೊಲದ ಕೂಲಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಕೈ ಒಡೆದಿದ್ದವು. ನಾನು ತಡವರಿಸುತ್ತ ಕಡ್ಡಿಯ ಕತೆ ಹೇಳಿದೆ.

“ನನಗ ಅವತ್ತ ಗೊತ್ತಾಗಿತ್ತು,” ಎಂದ. “ಬೂದಿ ಕಂಡಿತ್ತು.”

ಹಾಗಾದರೆ ಎಲ್ಲರ ಎದುರು ಯಾಕೆ ಹೇಳಲಿಲ್ಲ ಎಂದೆ. ಅವನು ನನ್ನ ಕಡೆ ತಿರುಗಿದ.

“ನಿಮ್ಮ ಪೂಜಿಯಿಂದ ಕೆಟ್ಟೈತಿ ಅಂತ ನಾ ಹೇಳಬೇಕಿತ್ತೇನು? ನಾ? ನೀನಾಗಿ ಹೇಳ್ತಿ ಅಂತ ಕಾಯ್ದೆ.”

ನಾನು ತಲೆ ತಗ್ಗಿಸಿದೆ. ತಪ್ಪಾಯಿತು, ಬಾ, ಮೊದಲಿನಂತೆ ನಾಲ್ಕೂ ಊರು ನೋಡಿಕೋ ಎಂದೆ. ಕರೆಯಬೇಕಾದವನು ನೀನೊಬ್ಬನೇ ಅಲ್ಲ, ಅವರು ಮೂವರೂ ನಿನ್ನ ಮಾತು ಕೇಳಿ ನನ್ನನ್ನು ಬಿಟ್ಟರು ಎಂದ. ನಾನು ಇಲ್ಲೇ ಕೂತಿರುತ್ತೇನೆ, ಕಡ್ಡಿ ಚುಚ್ಚಿದವನು ನಾನು ಎಂದು ಅವರಿಗೆ ನೀನೇ ಹೇಳು, ಬೇರೇನೂ ಬೇಡ ಎಂದ. ನ್ಯಾಯವಾದ ಮಾತು. ಮೊಬೈಲ್ ತೆಗೆದು, ಅವನಿಗೂ ಕೇಳಲೆಂದು ಸ್ಪೀಕರ್ ಹಾಕಿ, ಮೊದಲು ಮುದ್ದೇಬಿಹಾಳಕ್ಕೇ ಹಚ್ಚಿದೆ.

“ಅಣ್ಣಾರ, ಅವತ್ತ ರೌಟರ್ ಅಳಿಸಿದ್ದು ಅವ ಅಲ್ರಿ,” ಎಂದೆ.

“ಮತ್ತ ಯಾರು?”

ಆ ಮನುಷ್ಯನ ನಗು ಇನ್ನೂ ಹೊರಗೆ ಬಂದಿರಲಿಲ್ಲ, ನನಗೆ ಆಗಲೇ ಕೇಳಿಸಿತು. ಹೇಳಬೇಕಿದ್ದದ್ದು ನಾನು ಎಂಬ ಎರಡಕ್ಷರ. ಅದರ ಬದಲು ಬೇರೆಯದೇ ಹೊರಬಿತ್ತು.

“ಯಾರೂ ಅಲ್ರಿ. ಹೊಸಾ ಫರ್ಮ್‌ವೇರ್ ಹಾಕಿದ್ವಲ್ರಿ, ಅದರಾಗ ಏನೋ ದೋಷ ಇತ್ತು. ತಾನ ರಿಸೆಟ್ ಆಗೇತಿ.”

“ಅದನ್ನ ಹಾಕಿದವನೂ ಅವನ ಅಲ್ಲೇನಪ್ಪಾ?” ಎಂದರು ಅವರು. “ಸುಡಗಾಡ. ಹಂಗಿದ್ರ ಅವನ ಕೈಗೆ ನಮ್ಮ ಮಶೀನ್ ಕೊಡೂದ ಬ್ಯಾಡ.” ಫೋನ್ ಇಟ್ಟರು.

ಒಳಗಿನಿಂದ ಅವನ ಅವ್ವ ಚಹಾ ತಂದಿಟ್ಟು ಹೋದಳು. ನಾನು ಮುಂದಿನ ನಂಬರ್ ಹುಡುಕುವವನ ಹಾಗೆ ಗುಂಡಿ ಒತ್ತುತ್ತ ಕೂತೆ. ಇನ್ನಿಬ್ಬರಿಗೆ ಸರಿಯಾಗಿ ಹೇಳುತ್ತೇನೆ ಎಂದೆ. ಅವನು ಕೈ ಚಾಚಿ ನನ್ನ ಮೊಬೈಲನ್ನು ಮೆತ್ತಗೆ ಮುಚ್ಚಿ ಹಿಡಿದ.

“ಇನ್ನಿಬ್ಬರಿಗೆ ಮಾಡಬ್ಯಾಡ,” ಎಂದ. “ಅವರು ನನ್ನ ಬರೇ ಮೋಸಗಾರ ಅಂತ ತಿಳ್ಕೊಂಡಾರ. ನನಗ ಕೆಲಸ ಬರಂಗಿಲ್ಲ ಅಂತ ಇನ್ನೂ ತಿಳ್ಕೊಂಡಿಲ್ಲ.”